ಕೀಮೋ ನಂತರದ ಜ್ವರ: ಬೆಳಗಾಗಲಿ ಎಂದು ಕಾಯಬೇಡಿ

ಸ್ತನ ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುತ್ತಿರುವ 52 ವರ್ಷದ ಮಹಿಳೆಯೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಔಷಧಿ ಹಾಕಿಸಿಕೊಂಡು ಊರಿಗೆ ಮರಳಿದ್ದಾರೆ. ಹತ್ತನೆಯ ದಿನ ರಾತ್ರಿ ಒಂಬತ್ತು ಗಂಟೆಗೆ ಮೈ ಬಿಸಿಯಾಗಿ, ಥರ್ಮಾಮೀಟರ್ 101 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತದೆ. ಕೆಮ್ಮಿಲ್ಲ, ಗಾಯವಿಲ್ಲ, ಮೂತ್ರದಲ್ಲಿ ಉರಿಯಿಲ್ಲ. ಜ್ವರದ ಮಾತ್ರೆ ಕೊಟ್ಟು ಮಲಗಿಸಿ, ಬೆಳಿಗ್ಗೆ ನೋಡಿದರಾಯಿತು ಎಂದು ಮನೆಯವರಿಗೆ ಅನಿಸುವುದು ಸಹಜ. ಆದರೆ ಅಪಾಯ ಇರುವುದೇ ಆ ನಿರ್ಧಾರದಲ್ಲಿ.

ಕೀಮೋ ಔಷಧಿಗಳು ಕ್ಯಾನ್ಸರ್ ಕೋಶಗಳ ಜೊತೆಗೆ ರಕ್ತ ಹುಟ್ಟುವ ಅಸ್ಥಿಮಜ್ಜೆಯನ್ನೂ ಕುಗ್ಗಿಸುತ್ತವೆ. ಬ್ಯಾಕ್ಟೀರಿಯಾದ ಮೇಲೆ ಮೊದಲು ಎರಗುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ಏಳರಿಂದ ಹದಿನಾಲ್ಕು ದಿನಗಳ ನಡುವೆ ತಳ ಮುಟ್ಟುತ್ತವೆ. ಅವುಗಳ ಸಂಖ್ಯೆ ಒಂದು ಘನ ಮಿಲಿಮೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗಿಳಿದು, ಅಥವಾ ಎರಡು ದಿನದೊಳಗೆ ಇಳಿಯುವ ಸಂಭವವಿದ್ದು, ಜ್ವರ ಒಮ್ಮೆ 101 ಮುಟ್ಟಿದರೆ ಅಥವಾ 100.4 ಡಿಗ್ರಿ ಒಂದು ಗಂಟೆ ಇಳಿಯದೆ ನಿಂತರೆ, ಅದನ್ನು ಫೆಬ್ರೈಲ್ ನ್ಯೂಟ್ರೋಪೀನಿಯಾ ಎನ್ನುತ್ತಾರೆ.

ಕೀವು ಆಗುವುದಕ್ಕೂ, ಎಕ್ಸ್-ರೇಯಲ್ಲಿ ನ್ಯುಮೋನಿಯಾದ ಕಲೆ ಕಾಣುವುದಕ್ಕೂ ನ್ಯೂಟ್ರೋಫಿಲ್‌ಗಳೇ ಬೇಕು. ಅವೇ ಇಲ್ಲದಾಗ ಸೋಂಕು ಗುರುತು ಬಿಡದೆ ಹರಡುತ್ತದೆ. ಎಷ್ಟೋ ಸಲ ಜ್ವರವೊಂದೇ ಸುಳಿವು. ಪ್ಯಾರಸಿಟಮಾಲ್ ಆ ಸುಳಿವನ್ನೂ ಮುಚ್ಚಿಬಿಡುತ್ತದೆ. ಕರುಳಿನಲ್ಲಿ ಸುಮ್ಮನಿದ್ದ ಈ. ಕೋಲೈ, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿದರೆ ಕೆಲವೇ ಗಂಟೆಗಳಲ್ಲಿ ರಕ್ತದೊತ್ತಡ ಕುಸಿಯಬಹುದು.

ಹಾಗಾಗಿ ಯಾವ ಸೋಂಕೆಂದು ತಿಳಿಯುವವರೆಗೆ ವೈದ್ಯರು ಕಾಯುವುದಿಲ್ಲ. ಬ್ಲಡ್ ಕಲ್ಚರಿನ ವರದಿಗೆ ಒಂದೆರಡು ದಿನ ಬೇಕು. 1971ರಲ್ಲಿ ಅಮೆರಿಕದ ಶಿಂಫ್ ಮತ್ತು ಸಂಗಡಿಗರು, ವರದಿಗೆ ಕಾಯದೆ ಜ್ವರ ಬಂದ ಕೂಡಲೇ ಎರಡು ಆಂಟಿಬಯೋಟಿಕ್‌ಗಳನ್ನು ಕೊಟ್ಟ ಅನುಭವವನ್ನು ಪ್ರಕಟಿಸಿದರು. ಇಂದಿನ ಪದ್ಧತಿಯ ಬುನಾದಿ ಅದು. ಈಗಿನ ಗುರಿ, ರೋಗಿ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಹಲವು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲ ಆಂಟಿಬಯೋಟಿಕ್‌ನ ಮೊದಲ ಡೋಸ್ ಕೊಡುವುದು. ಕಲ್ಚರಿಗೆ ರಕ್ತವನ್ನು ಅದಕ್ಕೆ ಮೊದಲೇ ತೆಗೆಯಬೇಕು. ಆದರೆ ರಕ್ತ ತೆಗೆಯುವುದು ಕಷ್ಟವಾಯಿತೆಂದು ಡೋಸ್ ತಡವಾಗಬಾರದು.

ನಮ್ಮ ರೋಗಿಯ ಒಟ್ಟು ಬಿಳಿ ರಕ್ತಕಣ 900, ಅದರಲ್ಲಿ ನ್ಯೂಟ್ರೋಫಿಲ್ ಶೇಕಡಾ 20. ಅಂದರೆ ಬರೀ 180. ಇನ್ನು ಮ್ಯಾಸ್ಕ್ ಎಂಬ ಅಂಕಪಟ್ಟಿ. ಬಳಲಿಕೆ ಮಧ್ಯಮ ಮಟ್ಟದ್ದು, 3 ಅಂಕ. ರಕ್ತದೊತ್ತಡ ಸರಿಯಿದೆ, 5. ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಿಲ್ಲ, 4. ಗೆಡ್ಡೆಯ ರೂಪದ ಕ್ಯಾನ್ಸರ್, 4. ನಿರ್ಜಲೀಕರಣವಿಲ್ಲ, 3. ಜ್ವರ ಬಂದಾಗ ಮನೆಯಲ್ಲಿದ್ದರು, 3. ವಯಸ್ಸು 60ರೊಳಗೆ, 2. ಒಟ್ಟು 24. ಗರಿಷ್ಠ 26, 21 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಪಾಯ ಕಡಿಮೆ.

ಇದೇ ಮಹಿಳೆ ಬೆಳಗಿನ ಜಾವ ಬಂದಿದ್ದರೆ? ತೀವ್ರ ನಿತ್ರಾಣ, ಮೇಲಿನ ರಕ್ತದೊತ್ತಡ 84, ಒಣಗಿದ ಬಾಯಿ. ಮೂರು ಕಡೆ ಸೊನ್ನೆ ಬಿದ್ದು ಒಟ್ಟು 13. ಆಗ ದಾಖಲಾತಿ, ರಕ್ತನಾಳಕ್ಕೆ ಸಲೈನ್, ಪೈಪರಾಸಿಲಿನ್-ಟ್ಯಾಜೋಬ್ಯಾಕ್ಟಮ್ ಅಥವಾ ಮೆರೋಪೆನೆಮ್‌ನಂಥ ಔಷಧಿ, ಪ್ರಾಯಶಃ ಐಸಿಯು.

ಅಂಕ 24 ಬಂದವರಿಗೂ ಮೊದಲ ಡೋಸ್ ಅಷ್ಟೇ ಬೇಗ ಬೇಕು. ಮುಂದಿನ ಚಿಕಿತ್ಸೆ ಎಲ್ಲಿ, ಹೇಗೆ ಎಂಬುದನ್ನಷ್ಟೇ ಅಂಕ ಹೇಳುತ್ತದೆ. ಕನಿಷ್ಠ ನಾಲ್ಕು ಗಂಟೆ ಆಸ್ಪತ್ರೆಯಲ್ಲಿ ಗಮನಿಸಿ, ಸ್ಥಿತಿ ಸ್ಥಿರವಾಗಿದ್ದರೆ, ಜೊತೆಗೆ ಆರೈಕೆ ಮಾಡುವವರಿದ್ದು ಬೇಗ ಮರಳುವಷ್ಟು ಹತ್ತಿರದಲ್ಲಿ ಮನೆಯಿದ್ದರೆ ಮಾತ್ರ ಮಾತ್ರೆ ಕೊಟ್ಟು ಕಳಿಸಬಹುದು. ಸಿಪ್ರೋಫ್ಲಾಕ್ಸಾಸಿನ್ ಮತ್ತು ಅಮಾಕ್ಸಿಸಿಲಿನ್-ಕ್ಲಾವ್ಯುಲನೇಟ್ ಇದಕ್ಕೆ ಹೆಸರಾದ ಜೋಡಿ. ಆದರೆ ಭಾರತದಲ್ಲಿ ಈ ಔಷಧಿಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಸಾಕಷ್ಟಿವೆ. ಆದ್ದರಿಂದ ಆಯ್ಕೆ ಆಯಾ ಆಸ್ಪತ್ರೆಯ ಕಲ್ಚರ್ ದಾಖಲೆಗಳನ್ನು ನೋಡಿ ಆಗಬೇಕು. ತೀವ್ರ ರಕ್ತ ಕ್ಯಾನ್ಸರ್ ಇದ್ದು, ನ್ಯೂಟ್ರೋಫಿಲ್ ವಾರಕ್ಕೂ ಮೇಲೆ ತೀರಾ ಕಡಿಮೆ ಇರುವ ಸಂಭವವಿದ್ದರೆ, ಅಂಕ ಎಷ್ಟೇ ಇರಲಿ, ದಾಖಲಾಗಲೇಬೇಕು.

ಕೀಮೋ ನಡೆಯುತ್ತಿರುವ ಮನೆಯಲ್ಲಿ ಥರ್ಮಾಮೀಟರ್ ಇರಲಿ. ಜ್ವರ 100.4 ದಾಟಿದರೆ, ಅಥವಾ ಜ್ವರವಿಲ್ಲದೆಯೂ ಚಳಿ ನಡುಕ ಬಂದರೆ, ನಡುರಾತ್ರಿಯಾದರೂ ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಗೆ ಫೋನ್ ಮಾಡಿ, ಹೊರಡಿ. ಅದು ದೂರವಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಡಿಸ್ಚಾರ್ಜ್ ಚೀಟಿ ತೋರಿಸಿ, "ಇವರಿಗೆ ಕೀಮೋ ಆಗಿ ಹತ್ತು ದಿನ, ಈಗ ಜ್ವರ" ಎಂದು ಬಾಗಿಲಲ್ಲೇ ಹೇಳಿ. ಸರದಿಯಲ್ಲಿ ಕೂರಬೇಡಿ.