ಯಾವ ತಟ್ಟೆ, ಯಾವ ಕ್ಷಣ

1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗೆ ಹಾಡಿದರು. ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿಕೊಂಡರು. ಆ ದಿನಗಳಲ್ಲಿ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾರು ಹಾಡಿದ್ದೆಂದು ಅಲ್ಲಿನವರಿಗೆ ತಿಳಿದು, ಸರಿಯಾದ ಲೇಬಲ್ ಅಂಟಲಿ ಎಂಬುದು ಈ ಏರ್ಪಾಡಿನ ಉದ್ದೇಶ. ಸಂಗೀತದ ಬಗ್ಗೆ ಬರೆಯುವವರು ಅಡಿಟಿಪ್ಪಣಿಯಲ್ಲಿ ಮಾಡಬೇಕಾದ ಕೆಲಸವೂ ಇದೇ: ನಾನು ಕೇಳಿದ್ದು ಯಾವುದೆಂದು, ಎಲ್ಲೋ ದೂರದಲ್ಲಿ ಕೂತು ಓದುವವರಿಗೆ ಗುರುತು ಸಿಗುವಂತೆ ಹೇಳುವುದು.

ನಮ್ಮ ಲೇಖನಗಳಲ್ಲಿ ಸಾಮಾನ್ಯವಾಗಿ "ಗೌಹರ್ ಜಾನ್ ಹಾಡಿದ ಜೋಗಿಯಾ" ಎಂದಷ್ಟೇ ಇರುತ್ತದೆ. ಅದು ಸಾಲದು. ಹಳೆಯ ತಟ್ಟೆಯ ಮೇಲೆ ಎರಡು ಬಗೆಯ ಸಂಖ್ಯೆಗಳಿರುತ್ತವೆ. ಲೇಬಲ್ಲಿನಲ್ಲಿ ಅಚ್ಚಾದದ್ದು ಮಾರಾಟದ ಪಟ್ಟಿಯ ಸಂಖ್ಯೆ. ಲೇಬಲ್ಲಿನ ಸುತ್ತ ಉಳಿಯುವ ನುಣುಪಾದ ಜಾಗದಲ್ಲಿ ಕೊರೆದದ್ದು ಮ್ಯಾಟ್ರಿಕ್ಸ್ ಸಂಖ್ಯೆ. ಆ ದಿನ, ಆ ಹೊತ್ತಿನಲ್ಲಿ ಹಾಡಿದ ಆ ಒಂದು ಗಾಯನಕ್ಕೆ ಸೇರಿದ್ದು. ಕಲಾವಿದರು ಒಂದೇ ಚೀಜನ್ನು ಎರಡು ಸಲ ಹಾಡಿ, ಮುಂದೊಮ್ಮೆ ಕಂಪನಿ ಅದೇ ಪಟ್ಟಿ ಸಂಖ್ಯೆಯಲ್ಲಿ ಎರಡನೆಯದನ್ನು ಹೊರತಂದರೆ, ಎರಡರ ತಾನಗಳೂ ಬೇರೆಯಾಗಿರಬಹುದು. ಅವುಗಳನ್ನು ಬಿಡಿಸಿ ತೋರಿಸುವುದು ಮ್ಯಾಟ್ರಿಕ್ಸ್ ಸಂಖ್ಯೆಯೇ.

ಇಂದು ನಾವು ಹೆಚ್ಚಾಗಿ ಕೇಳುವುದು ಆ ತಟ್ಟೆಯನ್ನಲ್ಲ, ಅದರಿಂದ ಯಾರೋ ಮಾಡಿಕೊಂಡ ಪ್ರತಿಯನ್ನು. ತೊಡಕು ಶುರುವಾಗುವುದು ಇಲ್ಲೇ. ಒಂದು ಹಳೆಯ ತಟ್ಟೆಯ ಬಗ್ಗೆ ಬರೆಯುತ್ತಾ, ಎರಡು ನಿಮಿಷ ಹತ್ತನೇ ಸೆಕೆಂಡಿಗೆ ಗಾಯಕಿ ತಾರ ಷಡ್ಜ ಮುಟ್ಟುತ್ತಾರೆ, ಶ್ರುತಿ ಐದು ಮನೆ ಎಂದು ನಾನೊಮ್ಮೆ ಬರೆದಿದ್ದೆ. ಓದುಗರೊಬ್ಬರು ತಮ್ಮಲ್ಲಿದ್ದ ಧ್ವನಿಮುದ್ರಿಕೆ ಹಾಕಿ ನೋಡಿದರು. ಅವರಿಗೆ ಆ ಸ್ವರ ಎರಡು ನಿಮಿಷ ಮೂರನೇ ಸೆಕೆಂಡಿಗೇ ಬಂತು, ಶ್ರುತಿ ಹೆಚ್ಚುಕಡಿಮೆ ಐದೂವರೆ ಮನೆ. ನಮ್ಮಿಬ್ಬರ ಕಿವಿಯಲ್ಲೂ ದೋಷವಿರಲಿಲ್ಲ. ನನ್ನ ಪ್ರತಿ ಮಾಡಿದವರು ತಟ್ಟೆಯನ್ನು ನಿಮಿಷಕ್ಕೆ 76 ಸುತ್ತು ತಿರುಗಿಸಿದ್ದರು, ಅವರ ಪ್ರತಿ ಮಾಡಿದವರು 80 ಸುತ್ತು. ನನ್ನಲ್ಲಿ 130 ಸೆಕೆಂಡ್ ಹಿಡಿದದ್ದು ಅವರಲ್ಲಿ ಸುಮಾರು 123 ಸೆಕೆಂಡಿಗೆ ಮುಗಿಯಿತು. ಶ್ರುತಿ ಅರ್ಧ ಮನೆಯಷ್ಟು ಏರಿತು. ವೇಗ 78 ಎಂದು ನೆಲೆಗೊಂಡದ್ದು 1920ರ ದಶಕದಲ್ಲಿ. ಅದಕ್ಕೂ ಹಿಂದಿನ ತಟ್ಟೆಗಳನ್ನು ಯಾವ ವೇಗದಲ್ಲಿ ಮುದ್ರಿಸಿದ್ದರೆಂದು ಲೇಬಲ್ ನೋಡಿ ಹೇಳಲಾಗದು. ಕೊನೆಯಲ್ಲಿ ಹೆಸರು ಹೇಳುವ ಮಾತಿದ್ದರೆ ಅದನ್ನು ಗಮನಿಸಿ ಕೇಳಿ. ಮಾತು ಅವಸರದಿಂದ ಕೀರಲಾಗಿ ಕೇಳಿಸಿದರೆ ಪ್ರತಿಯ ವೇಗದ ಮೇಲೆ ಅನುಮಾನ ಪಡಬೇಕು. ಇದು ಸುಳಿವು ಮಾತ್ರ, ಪುರಾವೆಯಲ್ಲ.

ಈಗ ನಾನು ಟಿಪ್ಪಣಿ ಬರೆಯುವ ಕ್ರಮ ಹೀಗೆ. ಮೊದಲು ಹಾಡಿದವರು, ರಾಗ, ಗೊತ್ತಿದ್ದರೆ ಪಕ್ಕವಾದ್ಯದವರು. ಆಮೇಲೆ ಕಂಪನಿ, ತಟ್ಟೆಯ ಸಂಖ್ಯೆ, ಮ್ಯಾಟ್ರಿಕ್ಸ್ ಸಂಖ್ಯೆ, ಹಾಡಿದ ಊರು, ಹಾಡಿದ ವರ್ಷ. ಹಾಡಿದ ವರ್ಷ ಬೇರೆ, ಸೀಡಿಯಾಗಿ ಮರಳಿ ಬಂದ ವರ್ಷ ಬೇರೆ. ಸೀಡಿಯ ಮೇಲಿನ 1994ನ್ನು ನೋಡಿ 1904ರ ದನಿಯನ್ನು ತೊಂಬತ್ತು ವರ್ಷ ಕಿರಿದು ಮಾಡಿದ ಬರಹ ದಾರಿ ತಪ್ಪಿಸುತ್ತದೆ. ಕೊನೆಗೆ, ನಾನು ಕೇಳಿದ ಪ್ರತಿ ಯಾವುದು, ಅದರಲ್ಲಿ ಎಷ್ಟನೇ ನಿಮಿಷ. ಪ್ರತಿಯನ್ನು ಹೆಸರಿಸದೆ ಕೊಟ್ಟ ನಿಮಿಷಕ್ಕೆ ಅರ್ಥವಿಲ್ಲ.

ಅಚ್ಚಾದ ಸ್ವರಲಿಪಿಗೂ ಇದೇ ಕಷ್ಟ, ಅಲ್ಲಿ ಕೈಕೊಡುವುದು ಪುಟಸಂಖ್ಯೆ. ಸುಬ್ಬರಾಮ ದೀಕ್ಷಿತರ ಸಂಗೀತ ಸಂಪ್ರದಾಯ ಪ್ರದರ್ಶಿನಿ 1904ರಲ್ಲಿ ಎಟ್ಟಯಾಪುರದಿಂದ ತೆಲುಗು ಲಿಪಿಯಲ್ಲಿ ಬಂತು. ಮುಂದೆ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅದನ್ನು ತಮಿಳಿನಲ್ಲಿ ತಂದಿತು. ಒಂದರ ಪುಟ ಇನ್ನೊಂದರಲ್ಲಿ ಹೊಂದುವುದಿಲ್ಲ. ಆದರೆ ಗ್ರಂಥ ಮೇಳಗಳ ಕ್ರಮದಲ್ಲಿ ಸಾಗುವುದರಿಂದ, ಹದಿನೈದನೆಯ ಮೇಳ, ಇಂಥ ಕೃತಿ, ಅನುಪಲ್ಲವಿ, ಎರಡನೆಯ ಆವರ್ತ ಎಂದು ಬರೆದರೆ ಯಾವ ಲಿಪಿಯ ಪ್ರತಿ ಹಿಡಿದವರೂ ಆ ಜಾಗಕ್ಕೇ ಬರುತ್ತಾರೆ. ಜೊತೆಗೆ ಯಾವ ಮುದ್ರಣವೆಂದು ಹೇಳಲೇಬೇಕು. ದೀಕ್ಷಿತರು ಸ್ವರಗಳ ಜೊತೆ ಗಮಕಗಳಿಗೂ ಚಿಹ್ನೆ ಕೊಟ್ಟಿದ್ದಾರೆ. ಆ ಚಿಹ್ನೆಗಳನ್ನು ಕೈಬಿಟ್ಟ ನಕಲನ್ನು ನೋಡಿ, ಇಲ್ಲಿ ಗಾಂಧಾರ ಸಪಾಟಾಗಿ ನಿಲ್ಲುತ್ತದೆ ಎಂದು ಬರೆದರೆ ಆ ತಪ್ಪು ದೀಕ್ಷಿತರ ತಲೆಗೆ ಕಟ್ಟಿಬಿಡುತ್ತದೆ.

ಗೌಹರ್ ಜಾನ್ ಕೊನೆಯ ದಿನಗಳಲ್ಲಿ ಮೈಸೂರು ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಅವರ ಕಾಲದ ತಟ್ಟೆ ನಿಮ್ಮ ಮನೆಯ ಅಟ್ಟದಲ್ಲಿ ಇದ್ದರೆ ಲೇಬಲ್ಲನ್ನು ಒರೆಸಲು ಹೋಗಬೇಡಿ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಎರಡೂ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಅದರ ಲಕೋಟೆಯೊಳಗೆ ಇಟ್ಟುಬಿಡಿ.