ವಿನ್ನಿಪೆಗ್‌ಗೆ ಹೊರಟವನ ಬೂಟು

ತಂಗಿಯ ಮಗ ಜನವರಿಯಲ್ಲಿ ಕೆನಡಾದ ವಿನ್ನಿಪೆಗ್‌ಗೆ ಓದಲು ಹೊರಟಾಗ ಮೈಸೂರಿನ ಮನೆಯ ಮಂಚದ ತುಂಬ ಬಟ್ಟೆ ಹರಡಿತ್ತು. ಮೂರು ಸ್ವೆಟರ್, ಎರಡು ಜಾಕೆಟ್, ಅಜ್ಜಿ ಹಟ ಹಿಡಿದು ಇಟ್ಟ ಮಂಕಿ ಟೋಪಿ. ಬೂಟು ಮಾತ್ರ ಕಾಲಿಗೆ ಬಿಗಿಯಾಗಿ ಕೂರುವ, ಅಂದವಾದ ಚರ್ಮದ್ದು. “ಎರಡು ಜೊತೆ ಸಾಕ್ಸ್ ಹಾಕ್ಕೊಂಡ್ರೆ ಆಯ್ತು ಬಿಡಿ ದೊಡ್ಡಮ್ಮ” ಅಂದ. ಮೊದಲ ವಾರವೇ ಫೋನ್ ಬಂತು. ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತದ್ದಕ್ಕೆ ಕಾಲ್ಬೆರಳು ಮರಗಟ್ಟಿವೆ. ಬೆನ್ನು ನೋಡಿದರೆ ಬೆವರಿನಿಂದ ಒದ್ದೆ.

ಬಟ್ಟೆಯಲ್ಲಿ ಶಾಖ ಇರುವುದಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಹಾಟ್‌ಬಾಕ್ಸು ಅನ್ನವನ್ನು ಬಿಸಿ ಮಾಡುವುದಿಲ್ಲ, ಇದ್ದ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಅಷ್ಟೆ. ಉಣ್ಣೆಯಾಗಲಿ ಹಕ್ಕಿಯ ಪುಕ್ಕವಾಗಲಿ ಮಾಡುವುದೂ ಅದನ್ನೇ. ಎಳೆಗಳ ನಡುವೆ ಗಾಳಿಯನ್ನು ಅಲ್ಲಾಡದಂತೆ ಹಿಡಿದಿಡುತ್ತವೆ, ಆ ನಿಂತ ಗಾಳಿ ಮೈಯ ಶಾಖವನ್ನು ತಡೆಯುತ್ತದೆ. ಅದುಮಿದರೆ ಗಾಳಿಗೆ ಜಾಗವಿಲ್ಲ. ಒದ್ದೆಯಾದರೆ ಗಾಳಿಯ ಜಾಗಕ್ಕೆ ನೀರು ಬರುತ್ತದೆ, ನೀರು ಶಾಖವನ್ನು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಬೇಗ ಸಾಗಿಸುತ್ತದೆ. ಹುಡುಗನ ಕಾಲಲ್ಲಿ ಅದುಮಿದ ಉಣ್ಣೆ, ಬೆನ್ನಲ್ಲಿ ಒದ್ದೆ ಹತ್ತಿ. ಎರಡು ಕಡೆಯೂ ಅವನು ಕಳೆದುಕೊಂಡದ್ದು ಗಾಳಿಯನ್ನೇ.

ಮೊದಲು ಕಾಲಿನ ವಿಷಯ, ಏಕೆಂದರೆ ದುಡ್ಡು ಕಡಿಮೆ ಇರುವವರು ಜಾಕೆಟ್ಟಿಗೆ ಸುರಿದು ಬೂಟಿಗೆ ಕೈ ಬಿಗಿ ಹಿಡಿಯುವುದೇ ಹೆಚ್ಚು. ಕಾಲ್ಬೆರಳಿಗೆ ಶಾಖ ಬರುವುದು ರಕ್ತದ ಮೂಲಕ. ಬಿಗಿ ಬೂಟಿನೊಳಗೆ ಎರಡನೇ ಸಾಕ್ಸ್ ತುರುಕಿದರೆ ರಕ್ತ ಹರಿಯುವುದಕ್ಕೇ ತಡೆ. ಹಾಗಾಗಿ ಬೂಟು ಕೊಳ್ಳುವಾಗ ಚಳಿಗಾಲದಲ್ಲಿ ಹಾಕುವ ಆ ಒಂದು ದಪ್ಪ ಉಣ್ಣೆಯ ಸಾಕ್ಸನ್ನೇ ಹಾಕಿಕೊಂಡು, ಸಂಜೆ ಹೊತ್ತು ಅಂಗಡಿಗೆ ಹೋಗಬೇಕು. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ. ಬೂಟಿನೊಳಗೆ ಬೆರಳುಗಳನ್ನು ಮಡಚಿ ಬಿಚ್ಚಲು ಬರಬೇಕು, ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು, ಹಿಮ್ಮಡಿ ಮಾತ್ರ ಮೇಲೇಳಬಾರದು.

ಚಳಿ ನೆಲದಿಂದಲೂ ಬರುತ್ತದೆ. ನಿಂತಾಗ ಮೈಭಾರಕ್ಕೆ ಪಾದದಡಿಯ ಉಣ್ಣೆಯೆಲ್ಲ ಚಪ್ಪಟೆಯಾಗುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ದಪ್ಪ ರಬ್ಬರ್ ಅಟ್ಟೆ ಮತ್ತು ಸುಲಭಕ್ಕೆ ಅದುಮಿಕೊಳ್ಳದ ಫೆಲ್ಟ್ ಇನ್‌ಸೋಲ್. ಕೆಳಗೆ ರಬ್ಬರು, ಮೇಲೆ ಚರ್ಮ ಅಥವಾ ನೈಲಾನು, ಒಳಗೆ ಹೊರತೆಗೆಯಬಹುದಾದ ಫೆಲ್ಟ್ ಲೈನರ್ ಇರುವ ಬೂಟು ವಿನ್ನಿಪೆಗ್‌ನಂಥ ಊರಿಗೆ ಹೇಳಿ ಮಾಡಿಸಿದ್ದು. ಪಾದ ದಿನವಿಡೀ ಬೆವರುತ್ತದೆ, ಆ ತೇವ ಲೈನರಿನಲ್ಲಿ ಇಂಗುತ್ತದೆ. ಹೊರತೆಗೆಯಲು ಬಾರದ ಲೈನರು ರಾತ್ರಿಗೆ ಪೂರ್ತಿ ಒಣಗುವುದಿಲ್ಲ. “ಸೋಮವಾರ ಬೆಚ್ಚಗಿದ್ದ ಬೂಟು ಗುರುವಾರಕ್ಕೆ ತಣ್ಣಗಾಯಿತು” ಎಂದು ಯಾರಾದರೂ ಗೊಣಗಿದರೆ ಕಾರಣ ಸಾಮಾನ್ಯವಾಗಿ ಇದೇ. ಬೂಟಿನ ಚೀಟಿಯಲ್ಲಿ −40 ಡಿಗ್ರಿ ಎಂದಿರುವುದನ್ನು ಅಕ್ಷರಶಃ ನಂಬಬೇಡಿ. ಒಂದು ಕಂಪನಿಯ −40 ಇನ್ನೊಂದರ −40 ಆಗಿರಬೇಕಿಲ್ಲ, ನಡೆಯುತ್ತಿರುವ ಕಾಲಿಗೆ ಸಾಲುವುದು ಬಸ್ಸಿಗೆ ಕಾದು ನಿಂತ ಕಾಲಿಗೆ ಸಾಲಬೇಕಿಲ್ಲ. ಅಟ್ಟೆಯನ್ನು ಉಗುರಿನಿಂದ ಒತ್ತಿ ನೋಡಿ. ಅಂಗಡಿಯ ಬಿಸಿಯಲ್ಲೇ ಗಟ್ಟಿ ಪ್ಲಾಸ್ಟಿಕ್ಕಿನಂತಿದ್ದರೆ ಚಳಿಯಲ್ಲಿ ಇನ್ನೂ ಗಟ್ಟಿಯಾಗಿ ಮಂಜುಗಡ್ಡೆಯ ಮೇಲೆ ಜಾರುತ್ತದೆ.

ಇನ್ನು ಮೈಗೆ. ವಿನ್ನಿಪೆಗ್‌ನಲ್ಲಿ ಜನವರಿಯ ರಾತ್ರಿ ಸರಾಸರಿ −20 ಡಿಗ್ರಿಯ ಆಸುಪಾಸು. ಆದರೆ ಬಸ್ಸು, ತರಗತಿ, ಲೈಬ್ರರಿ ಒಳಗೆ 20 ಡಿಗ್ರಿಗೂ ಮೇಲೆ. ದಿನಕ್ಕೆ ಐದಾರು ಸಲ ಈ 40 ಡಿಗ್ರಿಯ ಅಂತರವನ್ನು ದಾಟಬೇಕಾದ್ದರಿಂದಲೇ ಪದರ ಪದರವಾಗಿ ಹಾಕುವುದು. ಒಂದೇ ಭಾರಿ ಉಡುಪಾದರೆ ಒಳಗೆ ಬೇಯುತ್ತದೆ, ಹೊರಗೆ ಬಂದಾಗ ಆ ಬೆವರೇ ಕೊರೆಯುತ್ತದೆ.

ಚರ್ಮಕ್ಕೆ ತಾಗುವ ಪದರದಲ್ಲಿ ಹತ್ತಿ ಬೇಡವೇ ಬೇಡ. ನಮ್ಮ ಸೆಕೆಗೆ ಹತ್ತಿಯಷ್ಟು ಹಿತವಾದದ್ದಿಲ್ಲ, ಬೆವರನ್ನು ಹೀರಿ ಮೈಯನ್ನು ತಂಪಾಗಿಡುವುದೇ ಅದರ ಗುಣ. ಅಲ್ಲಿ ಆ ಗುಣವೇ ದೋಷ. ಪಾಲಿಯೆಸ್ಟರ್ ಥರ್ಮಲ್ ಅಗ್ಗ, ಬೇಗ ಒಣಗುತ್ತದೆ, ಬೇಗ ವಾಸನೆಯನ್ನೂ ಹಿಡಿಯುತ್ತದೆ. ಮೆರಿನೊ ಉಣ್ಣೆ ದುಬಾರಿ, ಆದರೆ ತನ್ನ ತೂಕದ ಸುಮಾರು ಮೂರರಲ್ಲೊಂದು ಭಾಗ ತೇವವನ್ನು ಎಳೆಯೊಳಗೆ ಇಟ್ಟುಕೊಂಡರೂ ಒದ್ದೆ ಅನಿಸುವುದಿಲ್ಲ. ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಿಲ್ಲುವ ನಮ್ಮ ಕುರಿಗಾಹಿಗಳಿಗೆ ಉಣ್ಣೆಯ ಈ ಗುಣ ಗೊತ್ತು. ಮೆರಿನೊ ಎಳೆ ತೆಳುವಾದ್ದರಿಂದ ಕಂಬಳಿಯಂತೆ ಚುಚ್ಚುವುದಿಲ್ಲ, ಅಷ್ಟೇ ವ್ಯತ್ಯಾಸ. ಈ ಪದರ ಮಾತ್ರ ಮೈಗೆ ಅಂಟಿದಂತಿರಬೇಕು. ಕಾಲಿಗೂ ಬೇಕು, ಜೀನ್ಸ್ ಒಂದನ್ನೇ ನಂಬಿ ಹೊರಟವರ ತೊಡೆ ಮೊದಲ ದಿನವೇ ಪಾಠ ಕಲಿಯುತ್ತದೆ.

ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್. ಮುಂದೆ ಜಿಪ್ ಇದ್ದರೆ ಬಸ್ಸು ಹತ್ತಿದ ಕೂಡಲೇ ಎಳೆದು ತೆರೆಯಬಹುದು. ಎಲ್ಲಕ್ಕಿಂತ ಹೊರಗೆ ಪಾರ್ಕಾ, ಎಂದರೆ ತೊಡೆಯವರೆಗೆ ಇಳಿಯುವ ಟೋಪಿಯ ಜಾಕೆಟ್. ಗಾಳಿ ನುಗ್ಗುವುದನ್ನು ತಡೆಯುವ ಜವಾಬ್ದಾರಿ ಇದರದ್ದು. ತಾಪಮಾನ −20 ಇದ್ದು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು −33ರಂತೆ. ಅಷ್ಟರಲ್ಲಿ ತೆರೆದ ಕೆನ್ನೆ, ಕಿವಿ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಆದ್ದರಿಂದ ಬಣ್ಣಕ್ಕಿಂತ ಮೊದಲು ಜಿಪ್ಪಿನ ಮೇಲೆ ಮುಚ್ಚುಪಟ್ಟಿ ಇದೆಯೇ, ತೋಳಿನ ತುದಿಯಲ್ಲಿ ಹೆಣೆದ ಪಟ್ಟಿ ಇದೆಯೇ ನೋಡಿ. ಒಳಗೆ ಫ್ಲೀಸ್ ಹಾಕಿಕೊಂಡೇ ತೊಟ್ಟು, ಎರಡೂ ಕೈಗಳನ್ನು ಎದೆಗೆ ಅಪ್ಪಿಕೊಳ್ಳಿ. ಬೆನ್ನು ಬಿಗಿದರೆ ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ.

ಒಳಗೆ ತುಂಬಿರುವುದು ಡೌನ್ ಎಂಬ ಬಾತುಕೋಳಿಯ ನವಿರು ಪುಕ್ಕವಾದರೆ ಹಗುರ, ಬಲು ಬೆಚ್ಚಗೆ, ನೆನೆದರೆ ಮುದ್ದೆ. ಒಣ ಚಳಿಯ ವಿನ್ನಿಪೆಗ್‌ಗೆ ಒಳ್ಳೆಯದು. ಮಳೆಯೂ ಹಿಮವೂ ಬೆರೆತು ಸುರಿಯುವ ಸ್ಕಾಟ್ಲೆಂಡಿನಂಥ ಕಡೆಗೆ ಹೊರಟವರಿಗೆ ಸಿಂಥೆಟಿಕ್ ತುಂಬಿದ್ದೇ ವಾಸಿ, ಮೇಲ್ಬಟ್ಟೆ ನೀರು ತಡೆಯುವಂಥದ್ದಿರಲಿ.

ಕೈಗೆ ಬೆರಳು ಬಿಡಿಬಿಡಿಯಾದ ಗ್ಲೌಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ಬೆಚ್ಚಗೆ. ಮಂಕಿ ಟೋಪಿಯ ಬಗ್ಗೆ ಹುಡುಗ ನಕ್ಕಿದ್ದ. ಅದೇ ಅವನ ಸೂಟ್‌ಕೇಸಿನಲ್ಲಿದ್ದ ಅತ್ಯುತ್ತಮ ವಸ್ತು ಎಂದು ನಾನೀಗಲೂ ವಾದಿಸುತ್ತೇನೆ: ಕಿವಿ, ಗಲ್ಲ, ಕುತ್ತಿಗೆ ಒಂದೇ ಏಟಿಗೆ ಮುಚ್ಚುತ್ತದೆ.

ಯಾವುದನ್ನು ಎಲ್ಲಿ ಕೊಳ್ಳಬೇಕು? ಥರ್ಮಲ್ಲು, ಉಣ್ಣೆ ಸಾಕ್ಸು, ಸ್ವೆಟರು ಇಲ್ಲೇ. ಬೂಟು, ಪಾರ್ಕಾ ಅಲ್ಲೇ. ಮನಾಲಿ ಪ್ರವಾಸಕ್ಕೆಂದು ಇಲ್ಲಿ ಮಾರುವ ಜಾಕೆಟ್ಟು ವಿಮಾನ ನಿಲ್ದಾಣದಿಂದ ರೂಮಿನವರೆಗೆ ಸಾಕು. ಹಳೆಯ ಬಟ್ಟೆಯಂಗಡಿಗಳಲ್ಲಿ ಒಳ್ಳೆಯ ಪಾರ್ಕಾ ಅಗ್ಗಕ್ಕೆ ಸಿಗುತ್ತದೆ. ಅದುಮಿ ಬಿಟ್ಟಾಗ ಮತ್ತೆ ಉಬ್ಬಿದರೆ ತೆಗೆದುಕೊಳ್ಳಬಹುದು. ಬೂಟು ಮಾತ್ರ ಬೇರೆಯವರ ಪಾದಕ್ಕೆ ಒಗ್ಗಿದ್ದು ಬೇಡ.

ಹುಡುಗ ಕೊನೆಗೆ ಒಂದು ಅಳತೆ ದೊಡ್ಡ ಬೂಟು ಕೊಂಡ. ಸ್ಟಾಪಿಗೆ ಹತ್ತು ನಿಮಿಷದ ನಡಿಗೆ. ಮನೆಯಿಂದ ಹೊರಡುವಾಗ ಫ್ಲೀಸಿನ ಜಿಪ್ಪನ್ನು ಅರ್ಧ ತೆರೆದೇ ಇಡುತ್ತಾನೆ, ಸ್ವಲ್ಪ ಚಳಿ ಅನಿಸಲಿ ಎಂದು, ಹಾಗಾದರೆ ಬೆವರುವುದಿಲ್ಲ. ನಿಂತ ಮೇಲೆ ಗಲ್ಲದವರೆಗೆ ಎಳೆಯುತ್ತಾನೆ. ಕಾಯುವಾಗ ಬೂಟಿನೊಳಗೆ ಬೆರಳು ಆಡಿಸುತ್ತಾನೆ. ನೋಯುತ್ತಿದ್ದ ಬೆರಳು ಇದ್ದಕ್ಕಿದ್ದಂತೆ ನೋವು ನಿಲ್ಲಿಸಿತೆಂದರೆ ಅದು ಸುಧಾರಿಸಿದ್ದಲ್ಲ, ಸ್ಪರ್ಶ ಹೋದದ್ದು, ತಕ್ಷಣ ಒಳಗೆ ಹೋಗಬೇಕು ಎಂದು ಹೇಳಿದ್ದೇನೆ. ಬಿಳಿಚಿ ಮೇಣದಂತಾದ ಚರ್ಮವನ್ನು ಉಜ್ಜಬಾರದು, ಹೀಟರಿಗೂ ಒಡ್ಡಬಾರದು. ಉಗುರುಬೆಚ್ಚಗಿನ ನೀರು, ಆಮೇಲೆ ಡಾಕ್ಟರು.

ಮೊನ್ನೆ ವಾಟ್ಸ್‌ಆ್ಯಪಿನಲ್ಲಿ ಒಂದು ಫೋಟೋ ಕಳಿಸಿದ್ದ. ರೂಮಿನ ಮೂಲೆಯಲ್ಲಿ ಬಿಸಿಗಾಳಿ ಬರುವ ಜಾಲರಿಯಿಂದ ಒಂದು ಮಾರು ದೂರಕ್ಕೆ ಬೂದು ಬಣ್ಣದ ಎರಡು ಲೈನರು ಬಾಯಿ ತೆರೆದು ನಿಂತಿವೆ, ಒಂದರ ಮೇಲೆ ಮಂಕಿ ಟೋಪಿ ಒಣಹಾಕಿದೆ.