ಜೇಬಿನೊಳಗೊಂದು ಗುಜರಿ ತಕ್ಕಡಿ

ಹೋಟೆಲಿನಲ್ಲಿ ದೋಸೆಗೆ ಹೇಳಿ ಕಾಯುತ್ತಿದ್ದೆವು. ಎದುರಿಗೆ ಕೂತಿದ್ದ ಭಾವನಿಗೆ ಮಗಳ ಸ್ಕೂಲ್ ಡೇ ಫೋಟೊ ತೋರಿಸೋಣವೆಂದು ಫೋನನ್ನು ಟೇಬಲ್ ಮೇಲೆ ಇಟ್ಟಲ್ಲೇ ಕಾಲು ಸುತ್ತು ತಿರುಗಿಸಿದೆ. ಫೋಟೊ ತಿರುಗಲಿಲ್ಲ. ಇನ್ನೂ ಕಾಲು ಸುತ್ತು ತಿರುಗಿಸಿದೆ, ಊಹ್ಞೂಂ. "ನಿನ್ನ ಫೋನ್ ಕೆಟ್ಟಿದೆ ಕಣೋ" ಎನ್ನುತ್ತಾ ಭಾವ ಅದನ್ನು ಅಡ್ಡಡ್ಡ ಹಿಡಿದು ಕೈಗೆತ್ತಿಕೊಂಡರು. ಎತ್ತಿದ ಮರುಕ್ಷಣ ಫೋಟೊ ಹೊರಳಿ ಅಗಲವಾಗಿ ನಿಂತಿತು. "ನೋಡು, ನನ್ನ ಕೈಗೆ ಬಂದ ತಕ್ಷಣ ಸರಿಹೋಯ್ತು" ಎಂದರು.

ಫೋನ್ ಕೆಟ್ಟೂ ಇರಲಿಲ್ಲ, ಸರಿಯೂ ಹೋಗಿರಲಿಲ್ಲ. ಸ್ಕ್ರೀನ್ ತಿರುಗಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಸೆನ್ಸರ್‌ಗೆ ಟೇಬಲ್ ಮೇಲಿನ ತಿರುಗಾಟ ಕಾಣಿಸುವುದೇ ಇಲ್ಲ. ಅದಕ್ಕೆ ಗೊತ್ತಿರುವುದು ಒಂದೇ ವಿಷಯ: ತೂಕ ಯಾವ ಕಡೆ ಜಗ್ಗುತ್ತಿದೆ ಎನ್ನುವುದು.

ಬೀದಿಯಲ್ಲಿ ಹಳೇ ಪೇಪರ್ ಕೊಳ್ಳಲು ಬರುವವನ ಕೈಯಲ್ಲಿ ನೇತಾಡುವ ಸ್ಪ್ರಿಂಗ್ ತಕ್ಕಡಿಯನ್ನು ನೆನಪಿಸಿಕೊಳ್ಳಿ. ಕೊಕ್ಕೆಗೆ ಐದು ಕೆಜಿ ಪೇಪರ್ ಕಟ್ಟು ಸಿಕ್ಕಿಸಿ ಅಲುಗದೆ ಹಿಡಿದರೆ ಮುಳ್ಳು ಐದರಲ್ಲಿ ನಿಲ್ಲುತ್ತದೆ. ತಕ್ಕಡಿಯನ್ನು ಸರಕ್ಕನೆ ಮೇಲೆತ್ತಿದರೆ ಮುಳ್ಳು ಆರಕ್ಕೆ ಹಾರುತ್ತದೆ, ಸರಕ್ಕನೆ ಇಳಿಸಿದರೆ ನಾಲ್ಕಕ್ಕೆ ಬೀಳುತ್ತದೆ. (ಅವನು ಯಾವ ಗಳಿಗೆಯಲ್ಲಿ ಮುಳ್ಳು ನೋಡುತ್ತಾನೆ ಎಂಬುದರ ಮೇಲೆ ನಮ್ಮ ದುಡ್ಡು ನಿಂತಿರುತ್ತದೆ, ಅದು ಬೇರೆ ಮಾತು.) ತಕ್ಕಡಿ, ಕಟ್ಟು ಎರಡನ್ನೂ ಒಟ್ಟಿಗೆ ಕೈಬಿಟ್ಟರೆ, ನೆಲ ಮುಟ್ಟುವ ತನಕ ಮುಳ್ಳು ಸೊನ್ನೆಯಲ್ಲಿರುತ್ತದೆ. ಫೋನಿನ ಅಕ್ಸೆಲೆರೊಮೀಟರ್ ಎಂದರೆ ಇದೇ ತಕ್ಕಡಿ. ಒಂದಲ್ಲ, ಮೂರು: ಒಂದು ಫೋನಿನ ಅಗಲದ ದಿಕ್ಕಿಗೆ, ಒಂದು ಉದ್ದದ ದಿಕ್ಕಿಗೆ, ಮತ್ತೊಂದು ಗಾಜಿನಿಂದ ಬೆನ್ನಿನ ಕಡೆಗೆ.

ಮೂರೂ ಸೇರಿ ಎರಡು ಮೂರು ಮಿಲಿಮೀಟರ್ ಅಗಲದ ಒಂದು ಚಿಪ್‌ನಲ್ಲಿ ಕೂತಿರುತ್ತವೆ. ಪೇಪರ್ ಕಟ್ಟಿನ ಜಾಗದಲ್ಲಿ ಸಿಲಿಕಾನ್‌ನಲ್ಲಿ ಕೆತ್ತಿದ ಒಂದು ಪುಟ್ಟ ತುಣುಕು, ಸ್ಪ್ರಿಂಗ್ ಜಾಗದಲ್ಲಿ ಅದೇ ಸಿಲಿಕಾನ್‌ನ ತೆಳು ಪಟ್ಟಿಗಳು. ತುಣುಕಿನ ಅಂಚಿನಿಂದ ಬಾಚಣಿಗೆ ಹಲ್ಲುಗಳಂಥ ಎಳೆಗಳು ಹೊರಟಿರುತ್ತವೆ. ಅವುಗಳ ನಡುನಡುವೆ, ತಾಗದ ಹಾಗೆ, ಅಲುಗದೆ ನಿಂತ ಇನ್ನೊಂದು ಬಾಚಣಿಗೆಯ ಹಲ್ಲುಗಳು. ಫೋನನ್ನು ವಾಲಿಸಿದಾಗ ತುಣುಕು ಸರಿಯುವುದು ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಅದನ್ನು ಓದಲು ಮುಳ್ಳು ಇಡಲಾಗದು. ಆದರೆ ಎದುರುಬದುರು ಹಲ್ಲುಗಳು ಸೇರಿ ಒಂದು ಕೆಪಾಸಿಟರ್ ಆಗುತ್ತವೆ. ಸೀಲಿಂಗ್ ಫ್ಯಾನ್ ನಿಧಾನವಾದಾಗ ಎಲೆಕ್ಟ್ರೀಷಿಯನ್ ಬದಲಿಸುವ ಡಬ್ಬಿಯ ಮರಿ ಎಂದುಕೊಳ್ಳಿ. ಹಲ್ಲುಗಳು ಹತ್ತಿರ ಬಂದರೆ ಅದು ಹಿಡಿಯುವ ವಿದ್ಯುತ್ತು ಹೆಚ್ಚುತ್ತದೆ, ದೂರ ಸರಿದರೆ ಕಡಿಮೆಯಾಗುತ್ತದೆ. ಚಿಪ್ ಅಳೆಯುವುದು ಆ ವ್ಯತ್ಯಾಸವನ್ನು. 1990ರ ದಶಕದಲ್ಲಿ ಕಾರಿನ ಏರ್‌ಬ್ಯಾಗ್ ಬಿಚ್ಚಲೆಂದು ತಯಾರಾದ ಜಾಣ್ಮೆ ಇದು, ಆಮೇಲೆ ಫೋನಿಗೆ ಬಂತು.

ಈಗ ಹೋಟೆಲಿನ ಟೇಬಲ್‌ಗೆ ಬರೋಣ. ಫೋನನ್ನು ಮುಖದ ಎದುರು ನೆಟ್ಟಗೆ ಹಿಡಿದಾಗ ಉದ್ದದ ತಕ್ಕಡಿ 9.8 ತೋರಿಸುತ್ತದೆ, ಇದು ಗುರುತ್ವದ ಅಳತೆ, m/s² ಲೆಕ್ಕದಲ್ಲಿ. ಅಗಲದ್ದು ಸೊನ್ನೆ. ಪೂರ್ತಿ ಅಡ್ಡ ಮಾಡಿದರೆ ಅಗಲದ್ದು 9.8, ಉದ್ದದ್ದು ಸೊನ್ನೆ. ಸರಿಯಾಗಿ ಅರ್ಧ ವಾಲಿಸಿದರೆ, ಅಂದರೆ 45 ಡಿಗ್ರಿಯಲ್ಲಿ, ಎರಡೂ ಸುಮಾರು 6.9. ಟೇಬಲ್ ಮೇಲೆ ಮಲಗಿಸಿದಾಗ ಮಾತ್ರ ತೂಕವೆಲ್ಲ ಮೂರನೆಯ ತಕ್ಕಡಿಗೆ ಹೋಗುತ್ತದೆ, ಅಗಲ ಉದ್ದದವು ಎರಡೂ ಸೊನ್ನೆ. ಆಮೇಲೆ ಬುಗುರಿಯಂತೆ ತಿರುಗಿಸಿದರೂ ಅವು ಸೊನ್ನೆಯಲ್ಲೇ ಇರುತ್ತವೆ. ಯಾವುದು ಮೇಲು ಎಂದು ಗೊತ್ತಾಗದ ಫೋನ್, ಹಿಂದೆ ಹೇಗಿತ್ತೋ ಹಾಗೇ ಚಿತ್ರವನ್ನು ಬಿಟ್ಟುಬಿಡುತ್ತದೆ. ಭಾವ ಎತ್ತಿದಾಗ ಅಗಲದ ತಕ್ಕಡಿಯ ಮೇಲೆ ಭಾರ ಬಿತ್ತು, ಅಷ್ಟೇ.

45 ಡಿಗ್ರಿ ದಾಟಿದ ಕೂಡಲೇ ತಿರುಗಿಸಿದರೆ ಆಯಿತಲ್ಲ ಎನಿಸಬಹುದು. ಹಾಗೆ ಮಾಡಿದರೆ, ಓರೆಯಾಗಿ ಹಿಡಿದು ಓದುವವರ ಕೈ ಚೂರು ನಡುಗಿದರೂ ಸ್ಕ್ರೀನ್ ಅತ್ತಿತ್ತ ಹೊರಳಾಡುತ್ತದೆ. ಆದ್ದರಿಂದ ಆಂಡ್ರಾಯ್ಡ್‌ನಲ್ಲಿ ಒಂದು ಜಿಗುಟುತನವನ್ನು ಬೇಕೆಂದೇ ಇಟ್ಟಿದ್ದಾರೆ. ನೆಟ್ಟಗಿದ್ದ ಫೋನ್ ಅಡ್ಡವಾಗಬೇಕಾದರೆ ಸುಮಾರು 67 ಡಿಗ್ರಿಯವರೆಗೆ ವಾಲಬೇಕು. ವಾಪಸು ನೆಟ್ಟಗಾಗಬೇಕಾದರೆ 45ಕ್ಕೆ ಮರಳಿದರೆ ಸಾಲದು, ಸುಮಾರು 22ರ ತನಕ ಬರಬೇಕು. ನಡುವೆ ಎಲ್ಲಿದ್ದರೂ ಇದ್ದ ಹಾಗೇ ಇರುತ್ತದೆ. ಜೊತೆಗೆ ಮೂರೂ ತಕ್ಕಡಿಗಳ ಒಟ್ಟು ಭಾರ 9.8ರಿಂದ ತೀರಾ ದೂರವಿದ್ದರೆ, ಯಾರೋ ಫೋನನ್ನು ಕುಲುಕುತ್ತಿದ್ದಾರೆ ಎಂದುಕೊಂಡು ತೀರ್ಪನ್ನು ಮುಂದಕ್ಕೆ ಹಾಕುತ್ತದೆ. ನಾವು ತಿರುಗಿಸಿದ ಮೇಲೆ ಸ್ಕ್ರೀನ್ ಒಂದರೆಗಳಿಗೆ ಯೋಚಿಸಿದಂತೆ ಕಾಣುವುದು ಈ ಎಚ್ಚರಿಕೆಯಿಂದ.

ರಾತ್ರಿ ಮಗ್ಗುಲಾಗಿ ಮಲಗಿ ಓದುವಾಗ ಅಕ್ಷರಗಳು ಹೊರಳಿಬಿಡುವುದೂ ಇದೇ ಕಾರಣಕ್ಕೆ. ನಿಮ್ಮ ಮುಖಕ್ಕೆ ಫೋನ್ ನೆಟ್ಟಗಿದೆ, ಆದರೆ ಭೂಮಿಗೆ ಅಡ್ಡವಾಗಿದೆ. ತಕ್ಕಡಿಗೆ ಗೊತ್ತಿರುವುದು ಭೂಮಿ ಮಾತ್ರ. ಈಚಿನ ಕೆಲವು ಫೋನ್‌ಗಳು ಮುಂದಿನ ಕ್ಯಾಮೆರಾದಿಂದ ಮುಖ ಯಾವ ಕಡೆ ವಾಲಿದೆ ಎಂದು ನೋಡಿ ಸರಿಪಡಿಸಿಕೊಳ್ಳುತ್ತವೆ. ನಾನಂತೂ ಆಟೊ ರೊಟೇಟ್ ಆಫ್ ಮಾಡಿಯೇ ಮಲಗುವವನು.

ಹೆಜ್ಜೆ ಎಣಿಸುವುದೂ ಇದೇ ತಕ್ಕಡಿ. ಪೇಪರ್ ಕಟ್ಟು ತೂಗುಹಾಕಿಕೊಂಡೇ ಗುಜರಿಯವನು ನಡೆದರೆ ಮುಳ್ಳು ಹೇಗೆ ಕುಣಿದೀತು? ಕಾಲು ನೆಲ ಊರಿದಾಗ ಮೈ ಮೇಲಕ್ಕೆ ತಳ್ಳಿಸಿಕೊಳ್ಳುತ್ತದೆ, ಮುಳ್ಳು ಏರುತ್ತದೆ; ಮುಂದಿನ ಹೆಜ್ಜೆಗೆ ಮೈ ಇಳಿದಾಗ ಮುಳ್ಳು ಇಳಿಯುತ್ತದೆ. ಹೆಜ್ಜೆಗೊಂದು ಏರು, ಒಂದು ಇಳಿತ. ಫೋನ್ ಜೇಬಿನಲ್ಲಿ ತಲೆಕೆಳಗಾಗಿರಲಿ, ಓರೆಯಾಗಿರಲಿ ಲೆಕ್ಕ ತಪ್ಪದಿರಲೆಂದು ಮೂರು ತಕ್ಕಡಿಗಳ ಅಳತೆಯನ್ನು ಒಂದಾಗಿ ಕೂಡಿಸಿಕೊಳ್ಳುವುದು ವಾಡಿಕೆ:

```
a = √(x² + y² + z²)
```

ಸುಮ್ಮನೆ ನಿಂತಾಗ ಈ ಮೊತ್ತ 9.8. ಶರ್ಟಿನ ಜೇಬಿನಲ್ಲಿ ಫೋನ್ ಇಟ್ಟುಕೊಂಡು ಸಾಧಾರಣ ವೇಗದಲ್ಲಿ ನಡೆದಾಗ ಅದು ಹೆಚ್ಚುಕಡಿಮೆ 7ಕ್ಕೂ 13ಕ್ಕೂ ನಡುವೆ ಏರಿಳಿಯುತ್ತದೆ. ಸೆಕೆಂಡಿಗೆ 50 ಸಲ ಅಳೆಯುವ ಚಿಪ್ ಎಂದಿಟ್ಟುಕೊಳ್ಳಿ. ನಾವು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುವುದರಿಂದ ಒಂದೊಂದು ಹೆಜ್ಜೆಗೆ 25 ಅಳತೆ ಸಿಗುತ್ತವೆ. ಒಂದು ಶಿಖರ 0.4ನೇ ಸೆಕೆಂಡಿನಲ್ಲಿ ಬಂತು, ಮುಂದಿನದು 0.9ರಲ್ಲಿ, ಆಮೇಲಿನದು 1.05ರಲ್ಲಿ, ಮತ್ತೊಂದು 1.4ರಲ್ಲಿ. ಇವು ಎಷ್ಟು ಹೆಜ್ಜೆ? ಮೂರು. 0.9 ಆದ 0.15 ಸೆಕೆಂಡಿಗೆ ಇನ್ನೊಂದು ಹೆಜ್ಜೆ ಇಡುವ ಮನುಷ್ಯ ಇಲ್ಲ, 1.05ರದ್ದು ಫೋನ್ ಜೇಬಿನಲ್ಲಿರುವ ಬೀಗದ ಕೈಗೆ ಬಡಿದ ಕುಲುಕಾಟ. ಅದನ್ನು ತೆಗೆದುಹಾಕಿದರೆ ಉಳಿದವು ಅರ್ಧರ್ಧ ಸೆಕೆಂಡಿನ ಲಯದಲ್ಲಿ ಕೂರುತ್ತವೆ.

ಫೋನ್ ಹುಡುಕುವುದು ಈ ಲಯವನ್ನೇ, ಕಾಲನ್ನಲ್ಲ. ಸ್ಕೂಟರಿನ ಎಂಜಿನ್ ನಡುಕ ತೀರಾ ಚುರುಕು, ರಸ್ತೆಯ ಗುಂಡಿಗಳು ಲಯ ತಪ್ಪಿ ಬರುತ್ತವೆ. ಹೀಗಾಗಿ ಬಸ್ಸಿನಲ್ಲಿ ಕೂತು ಊರಿಗೆ ಹೋಗಿಬಂದರೂ ಹೆಜ್ಜೆ ಅಷ್ಟಾಗಿ ಏರುವುದಿಲ್ಲ. ಇನ್ನೂ ಖಚಿತವಾಗಲೆಂದು ಎಷ್ಟೋ ಎಣಿಕೆಗಾರ ತಂತ್ರಾಂಶಗಳು ಲಯಬದ್ಧವಾಗಿ ಏಳೆಂಟು ಹೆಜ್ಜೆ ಬಿದ್ದ ಮೇಲಷ್ಟೇ ನಂಬಿ, ಹಿಂದಿನವನ್ನೂ ಒಟ್ಟಿಗೆ ಸೇರಿಸುತ್ತವೆ. ನಡೆಯಲು ಶುರುಮಾಡಿದಾಗ ಅಂಕಿ ಅಲುಗದೆ ನಿಂತು ಆಮೇಲೆ ಒಮ್ಮೆಲೇ ಹಾರುವುದು ಅದಕ್ಕೆ. ಇದರಿಂದ ನಷ್ಟವಾಗುವುದು ಮನೆಕೆಲಸದವರಿಗೆ. ಒಲೆಯಿಂದ ಸಿಂಕಿಗೆ ಮೂರು ಹೆಜ್ಜೆ, ಸಿಂಕಿನಿಂದ ಫ್ರಿಜ್ಜಿಗೆ ನಾಲ್ಕು. ದಿನವಿಡೀ ಹೀಗೆ ಓಡಾಡಿದ ಅಮ್ಮನ ಫೋನ್, ಅದು ಸೊಂಟದಲ್ಲೇ ಇದ್ದರೂ, ಬಹಳಷ್ಟನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಒಂದು ಭಾನುವಾರ ಸೂಪರ್ ಮಾರ್ಕೆಟ್ಟಿನಲ್ಲಿ ನಾನೇ ಪರೀಕ್ಷಿಸಿದೆ. ಫೋನ್ ಶರ್ಟಿನ ಜೇಬಿನಲ್ಲಿಟ್ಟು ಬಾಯಲ್ಲಿ ಎಣಿಸುತ್ತಾ 200 ಹೆಜ್ಜೆ ನಡೆದೆ. ಫೋನ್ 197 ಹೇಳಿತು. ಆಮೇಲೆ ಅದನ್ನು ಟ್ರಾಲಿಯೊಳಗಿಟ್ಟು ತಳ್ಳಿಕೊಂಡು ಮತ್ತೆ 200. ಒಂದೂ ಏರಲಿಲ್ಲ. ನಾನು ನಡೆದಿದ್ದೆ, ಟ್ರಾಲಿ ಉರುಳಿತ್ತು. ಇದರ ತಿರುವುಮುರುವು ನಮ್ಮ ಚಿಕ್ಕಪ್ಪನದು: ರಾತ್ರಿ ಹತ್ತಕ್ಕೆ ಹತ್ತು ಸಾವಿರಕ್ಕೆ ಇನ್ನೂರು ಕಡಿಮೆಯಿದ್ದರೆ, ಸೋಫಾದಲ್ಲಿ ಕೂತು ಟಿ.ವಿ. ನೋಡುತ್ತಾ ಫೋನನ್ನು ಸೆಕೆಂಡಿಗೆರಡು ಸಲ ಅಲ್ಲಾಡಿಸುತ್ತಾರೆ. ತಕ್ಕಡಿಗೆ ಅದೂ ನಡಿಗೆಯೇ. ಅಂದ ಹಾಗೆ ಆ ಹತ್ತು ಸಾವಿರ ವೈದ್ಯರು ಲೆಕ್ಕಹಾಕಿ ಕೊಟ್ಟ ಸಂಖ್ಯೆಯಲ್ಲ; 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಮಾಪಕದ ಹೆಸರು 'ಮಾನ್ಪೊ ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್.

ಇಷ್ಟು ಹೊತ್ತಾದರೂ ಗೈರೊಸ್ಕೋಪ್ ಬರಲಿಲ್ಲವಲ್ಲ ಎನ್ನಬೇಡಿ. ಈ ಎರಡು ಕೆಲಸಕ್ಕೂ ಅದು ಬೇಕಾಗಿಯೇ ಇಲ್ಲ. 2007ರ ಮೊದಲ ಐಫೋನ್ ಸ್ಕ್ರೀನ್ ತಿರುಗಿಸುತ್ತಿತ್ತು, ಅದರಲ್ಲಿ ಗೈರೊ ಇರಲಿಲ್ಲ. ಐಫೋನಿಗೆ ಅದು ಬಂದದ್ದು 2010ರಲ್ಲಿ.

ಗೈರೊ ಅಳೆಯುವುದು ಎಷ್ಟು ವೇಗವಾಗಿ ತಿರುಗುತ್ತಿದ್ದೇವೆ ಎನ್ನುವುದನ್ನು. ಅದರೊಳಗಿನ ತುಣುಕನ್ನು ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ನಡುಗಿಸುತ್ತಿರುತ್ತಾರೆ. ಜಾತ್ರೆಯ ತಿರುಗುವ ಕುದುರೆಯ ಮೇಲೆ ಕೂತು ಎದುರಿನವನಿಗೆ ಚೆಂಡು ಎಸೆದರೆ ಅದು ಪಕ್ಕಕ್ಕೆ ಬಾಗಿದಂತೆ ಕಾಣುತ್ತದಲ್ಲ, ಹಾಗೆಯೇ ಫೋನ್ ತಿರುಗಿದಾಗ ನಡುಗುವ ತುಣುಕು ಪಕ್ಕಕ್ಕೆ ಸರಿಯುತ್ತದೆ. ಟೇಬಲ್ ಮೇಲಿನ ತಿರುಗಾಟ ಇದಕ್ಕೆ ಚೆನ್ನಾಗಿ ತಿಳಿಯುತ್ತದೆ. 360 ಡಿಗ್ರಿ ವಿಡಿಯೊ ನೋಡುವಾಗ, ವಿಡಿಯೊ ತೆಗೆಯುವ ಕೈಯ ನಡುಕ ಅಳಿಸುವಾಗ ಇದು ಬೇಕೇ ಬೇಕು. ಆದರೆ ಸದಾ ನಡುಗಬೇಕಾದ್ದರಿಂದ ಬ್ಯಾಟರಿಯನ್ನು ಅಕ್ಸೆಲೆರೊಮೀಟರ್‌ಗಿಂತ ಬಹಳ ಹೆಚ್ಚು ತಿನ್ನುತ್ತದೆ. ಇನ್ನೊಂದು ತೊಡಕೂ ಇದೆ. ವೇಗವನ್ನು ಕೂಡುತ್ತಾ ಹೋಗಿಯೇ ಎಷ್ಟು ತಿರುಗಿತು ಎಂದು ಹೇಳಬೇಕು, ಸೆಕೆಂಡಿಗೆ 0.1 ಡಿಗ್ರಿಯ ತಪ್ಪಿದ್ದರೆ ಒಂದು ನಿಮಿಷಕ್ಕೆ ಆರು ಡಿಗ್ರಿ, ಹತ್ತು ನಿಮಿಷಕ್ಕೆ ಅರವತ್ತು. ಆಗಾಗ ತಕ್ಕಡಿಯನ್ನು ಕೇಳಿ ನೆಲ ಎಲ್ಲಿದೆ ಎಂದು ಸರಿಮಾಡಿಕೊಳ್ಳದಿದ್ದರೆ ಅದು ದಾರಿ ತಪ್ಪುತ್ತದೆ.

ಹೋದ ವರ್ಷ ಅತ್ತಿಗೆಯ ಅಗ್ಗದ ಫೋನ್ ಕೆಳಗೆ ಬಿದ್ದು, ಅಂದಿನಿಂದ ಸ್ಕ್ರೀನ್ ತಿರುಗುವುದು ನಿಂತಿತು. ರಿಪೇರಿ ಅಂಗಡಿಯಲ್ಲಿ "ಗೈರೊ ಹೋಗಿದೆ ಮೇಡಂ, ಬೋರ್ಡ್ ಕೆಲಸ, 1,800 ಆಗತ್ತೆ" ಎಂದರಂತೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ phyphox ಎಂಬ ಉಚಿತ ಆ್ಯಪ್ ಹಾಕಿ ನೋಡಿದೆ. ಸೆನ್ಸರ್‌ಗಳ ಅಂಕಿಯನ್ನು ಅದು ನೇರವಾಗಿ ತೋರಿಸುತ್ತದೆ. ಮಲಗಿಸಿದಾಗ ಮೂರನೆಯದು 9.8, ನೆಟ್ಟಗೆ ನಿಲ್ಲಿಸಿದಾಗ ಉದ್ದದ್ದು 9.8, ಅಡ್ಡ ಮಾಡಿದಾಗ ಅಗಲದ್ದು. ಅಂಕಿ ಎಲ್ಲೂ ಅಂಟಿಕೊಂಡಿರಲಿಲ್ಲ, ತಕ್ಕಡಿ ಗಟ್ಟಿಯಾಗಿಯೇ ಇತ್ತು. ಬೀಳುವ ಫೋನನ್ನು ಹಿಡಿಯಲು ಹೋಗಿ ಅತ್ತಿಗೆಯ ಬೆರಳು ಆಟೊ ರೊಟೇಟ್ ಗುಂಡಿಗೆ ತಾಗಿರಬೇಕು, ಅದು ಆಫ್ ಆಗಿತ್ತು.

ಆ್ಯಪ್‌ನ ಪಟ್ಟಿಯಲ್ಲಿ Gyroscope ಎಂಬ ಸಾಲು ಮಾತ್ರ ಮಸುಕಾಗಿ, ಒತ್ತಿದರೂ ತೆರೆಯದೆ ಕೂತಿತ್ತು. ಆ ಫೋನಿನಲ್ಲಿ ಗೈರೊ ಮೊದಲಿನಿಂದಲೂ ಇರಲೇ ಇಲ್ಲ.